ಕೋಟಿ ರೂಪಾಯಿ ಇಡುಗಂಟು ಎಷ್ಟು ವರ್ಷ ಬರುತ್ತದೆ?

ಸರ್ಕಾರಿ ಪಿಂಚಣಿ ಪಡೆಯುವವರಿಗೆ ಬೆಲೆ ಏರಿದಂತೆ ತುಟ್ಟಿಭತ್ಯೆಯೂ ಏರುತ್ತದೆ. ಖಾಸಗಿ ಕಂಪನಿಯಲ್ಲಿ ದುಡಿದು ಪಿ.ಎಫ್., ಗ್ರಾಚ್ಯುಟಿ, ಉಳಿತಾಯ ಎಲ್ಲ ಸೇರಿಸಿ ಒಂದು ಗಂಟು ಹಿಡಿದು ಮನೆಗೆ ಬರುವವರಿಗೆ ಆ ಅನುಕೂಲವಿಲ್ಲ. ಅವರ ತುಟ್ಟಿಭತ್ಯೆಯನ್ನು ಅವರೇ, ಅದೇ ಗಂಟಿನಿಂದ, ಕೊಟ್ಟುಕೊಳ್ಳಬೇಕು. ಹಾಗಾದರೆ ವರ್ಷಕ್ಕೆ ಎಷ್ಟು ತೆಗೆದರೆ ಹಣ ಕೊನೆಯವರೆಗೂ ಬರುತ್ತದೆ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ದಾವಣಗೆರೆಯಲ್ಲಿ ಸ್ವಂತ ಮನೆಯಿರುವ ದಂಪತಿ. ಯಜಮಾನರಿಗೆ 60 ವರ್ಷ, ಕೈಯಲ್ಲಿ 1 ಕೋಟಿ ರೂಪಾಯಿ. ಮನೆಖರ್ಚು, ಔಷಧಿ, ನೆಂಟರ ಮನೆಯ ಮದುವೆ ಮುಂಜಿ ಎಲ್ಲ ಸೇರಿ ತಿಂಗಳಿಗೆ 50 ಸಾವಿರ, ಅಂದರೆ ವರ್ಷಕ್ಕೆ 6 ಲಕ್ಷ ಬೇಕು. ಹಣಕ್ಕೆ ಶೇ 8ರಷ್ಟು ಪ್ರತಿಫಲ ಬರುತ್ತದೆ, ಖರ್ಚು ವರ್ಷಕ್ಕೆ ಶೇ 6ರಷ್ಟು ಏರುತ್ತದೆ ಎಂದಿಟ್ಟುಕೊಳ್ಳೋಣ. ಹಣ 90ನೇ ವಯಸ್ಸಿನವರೆಗೆ, ಎಂದರೆ 30 ವರ್ಷ, ಬರಬೇಕು.

ಮೇಲ್ನೋಟಕ್ಕೆ ಇದು ನಿರಾತಂಕದ ಲೆಕ್ಕ. ಬರುವುದು ಶೇ 8, ತೆಗೆಯುವುದು ಶೇ 6. ವರ್ಷದ ಆರಂಭದಲ್ಲೇ 6 ಲಕ್ಷ ತೆಗೆದಿಟ್ಟುಕೊಂಡರೆ ಉಳಿದ 94 ಲಕ್ಷ ವರ್ಷದ ಕೊನೆಗೆ 1 ಕೋಟಿ 1.52 ಲಕ್ಷ ಆಗುತ್ತದೆ. ಮರುವರ್ಷ 6.36 ಲಕ್ಷ ತೆಗೆಯುತ್ತಾರೆ. ಆಗಲೂ ಗಂಟು ಬೆಳೆಯುತ್ತದೆ. 5ನೇ ವರ್ಷದ ಕೊನೆಗೆ ಅದು ಸುಮಾರು 1 ಕೋಟಿ 4.5 ಲಕ್ಷ. ಐದು ವರ್ಷ ಕೂತು ಉಂಡರೂ ಅಸಲು ಕರಗಿಲ್ಲ, ಬೆಳೆದಿದೆ ಎಂದು ಯಾರಿಗಾದರೂ ಸಮಾಧಾನ ಆಗುವ ಮೊತ್ತ ಇದು.

ಆದರೆ 6ನೇ ವರ್ಷಕ್ಕೆ ತೆಗೆಯಬೇಕಾದ ಹಣ 8 ಲಕ್ಷ ದಾಟುತ್ತದೆ, ಆ ವರ್ಷ ಬರುವ ಪ್ರತಿಫಲ 7.7 ಲಕ್ಷ ಮಾತ್ರ. ಅಲ್ಲಿಂದ ಅಸಲಿಗೆ ಕೈ ಹಾಕುವುದು ಶುರುವಾಗುತ್ತದೆ. ಅಸಲು ಕಡಿಮೆಯಾದಷ್ಟೂ ಪ್ರತಿಫಲ ಇಳಿಯುತ್ತದೆ, ಖರ್ಚು ಮಾತ್ರ ಏರುತ್ತಲೇ ಇರುತ್ತದೆ. 10 ವರ್ಷ ಮುಗಿದಾಗಲೂ ಪಾಸ್‌ಬುಕ್ಕಿನಲ್ಲಿ 96 ಲಕ್ಷಕ್ಕೂ ಹೆಚ್ಚು ಕಾಣುತ್ತದೆ. 15 ವರ್ಷಕ್ಕೆ 66 ಲಕ್ಷ. 20ನೇ ವರ್ಷದ ಆರಂಭದಲ್ಲಿ ಬೇಕಾಗುವುದು 18 ಲಕ್ಷ, ಉಳಿದಿರುವುದು 13.5 ಲಕ್ಷ. 80 ತುಂಬುವ ಮೊದಲೇ ಗಂಟು ಖಾಲಿ. ಮೊದಲ ವರ್ಷವೇ ಬಡ್ಡಿಯ ಲೆಕ್ಕದಲ್ಲಿ 8 ಲಕ್ಷ ತೆಗೆಯಲು ಹೊರಟಿದ್ದರೆ 14 ವರ್ಷಕ್ಕೇ ಮುಗಿಯುತ್ತಿತ್ತು.

ಎಡವಿದ್ದು ಎಲ್ಲಿ? ಶೇ 8ರಲ್ಲಿ ಶೇ 6 ಬೆಲೆಯೇರಿಕೆಗೇ ಹೋಗುತ್ತದೆ. ಹಣದ ಕೊಳ್ಳುವ ಶಕ್ತಿ ನಿಜವಾಗಿ ಬೆಳೆಯುವುದು ವರ್ಷಕ್ಕೆ ಸುಮಾರು ಶೇ 1.9ರಷ್ಟು ಮಾತ್ರ. ಒಂದು ವೇಳೆ ಪ್ರತಿಫಲವೂ ಬೆಲೆಯೇರಿಕೆಯೂ ಸಮನಾಗಿದ್ದರೆ ಲೆಕ್ಕ ಬಹಳ ಸುಲಭ: 1 ಕೋಟಿಯನ್ನು 30ರಿಂದ ಭಾಗಿಸಿದರೆ ಆಯಿತು, ಮೊದಲ ವರ್ಷಕ್ಕೆ 3.33 ಲಕ್ಷ. ನಮ್ಮ ಉದಾಹರಣೆಯಲ್ಲಿ ಪ್ರತಿಫಲ ಸ್ವಲ್ಪ ಮುಂದಿರುವುದರಿಂದ 30ರ ಬದಲು ಸುಮಾರು 23ರಿಂದ ಭಾಗಿಸಬಹುದು. ಆಗ ಬರುವುದು 4.31 ಲಕ್ಷ, ತಿಂಗಳಿಗೆ ಸುಮಾರು 36 ಸಾವಿರ. ಮುಂದೆ ಪ್ರತಿ ವರ್ಷ ಶೇ 6 ಏರಿಸುತ್ತ ಹೋದರೂ ಇದು 30 ವರ್ಷ ನಿಲ್ಲುತ್ತದೆ. 50 ಸಾವಿರವೇ ಬೇಕು ಎಂದರೆ ನಿವೃತ್ತಿಯ ದಿನ ಕೈಯಲ್ಲಿ 1 ಕೋಟಿ 39 ಲಕ್ಷ ಇರಬೇಕಿತ್ತು.

ಈ ಲೆಕ್ಕದಲ್ಲಿ ತೆರಿಗೆಯನ್ನು ಮರೆಯಬಾರದು. ತೆರಿಗೆ ಕಟ್ಟಿದ ಮೇಲೆ ಪ್ರತಿಫಲ ಶೇ 8ರ ಬದಲು ಶೇ 7 ಉಳಿದರೆ, 4.31 ಲಕ್ಷ ಇದ್ದದ್ದು 3.8 ಲಕ್ಷಕ್ಕೆ ಇಳಿಯುತ್ತದೆ. ಒಂದೇ ಒಂದು ಶೇಕಡಾ ತಿಂಗಳಿಗೆ 4 ಸಾವಿರಕ್ಕೂ ಹೆಚ್ಚು ಕಸಿಯುತ್ತದೆ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಡ್ಡಿ 2023ರ ಏಪ್ರಿಲ್‌ನಲ್ಲಿ ಶೇ 8.2ಕ್ಕೆ ಏರಿತು, ಒಬ್ಬರು ಇಡಬಹುದಾದ ಮೊತ್ತವೂ 30 ಲಕ್ಷಕ್ಕೆ ಏರಿತು. ಸುರಕ್ಷತೆ ಬೇಕಾದವರಿಗೆ ಅದು ಒಳ್ಳೆಯ ಆಸರೆಯೇ. ಆದರೆ ಮೂರು ತಿಂಗಳಿಗೊಮ್ಮೆ ಬರುವ ಆ ಬಡ್ಡಿ ಐದು ವರ್ಷವೂ ಒಂದೇ ಮೊತ್ತ, ಅದಕ್ಕೆ ತೆರಿಗೆಯೂ ಉಂಟು. ಬಂದ ಬಡ್ಡಿಯನ್ನೆಲ್ಲ ಖರ್ಚು ಮಾಡುವವರಿಗೆ ಮುಂದಿನ ವರ್ಷದ ಏರಿಕೆಗೆ ಏನೂ ಉಳಿಯುವುದಿಲ್ಲ.

ಇನ್ನೊಂದು ಅಪಾಯ, ಪ್ರತಿಫಲ ಬರುವ ಸರದಿಯದ್ದು. ಮ್ಯೂಚುವಲ್ ಫಂಡ್, ಷೇರುಗಳಲ್ಲಿ ಹಣವಿದ್ದರೆ ಪ್ರತಿ ವರ್ಷ ತಪ್ಪದೆ ಶೇ 8 ಬರುವುದಿಲ್ಲ. ನಿವೃತ್ತಿಯ ಮೊದಲ ವರ್ಷವೇ 4.31 ಲಕ್ಷ ತೆಗೆದ ಮೇಲೆ ಉಳಿದದ್ದು ಶೇ 25ರಷ್ಟು ಕುಸಿಯಿತು ಎಂದುಕೊಳ್ಳಿ. ಕೈಯಲ್ಲಿ ಉಳಿಯುವುದು ಸುಮಾರು 72 ಲಕ್ಷ. ಮುಂದಿನ 29 ವರ್ಷಕ್ಕೆ ಅದು ತಾಳುವುದು ವರ್ಷಕ್ಕೆ 3.2 ಲಕ್ಷ ಮಾತ್ರ, ಬೇಕಾಗಿರುವುದು 4.57 ಲಕ್ಷ. ಇದೇ ಕುಸಿತ 25ನೇ ವರ್ಷ ಬಂದಿದ್ದರೆ ಪೆಟ್ಟು ಇಷ್ಟು ದೊಡ್ಡದಾಗುತ್ತಿರಲಿಲ್ಲ, ಏಕೆಂದರೆ ಆ ಹಣ ದುಡಿಯಬೇಕಾದ ವರ್ಷಗಳು ಆಗ ಕೆಲವೇ ಉಳಿದಿರುತ್ತವೆ. ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ತಮ್ಮ ದೇಶದ ಷೇರು ಮತ್ತು ಬಾಂಡ್‌ಗಳ ದಶಕಗಳ ಅಂಕಿಅಂಶ ಜಾಲಾಡಿ ನೋಡಿದರು. ಮೊದಲ ವರ್ಷ ಶೇ 4 ತೆಗೆದು, ಆಮೇಲೆ ಹಣದುಬ್ಬರದಷ್ಟು ಏರಿಸುತ್ತ ಹೋದರೆ ಕೆಟ್ಟ ಕಾಲದಲ್ಲಿ ನಿವೃತ್ತರಾದವರಿಗೂ 30 ವರ್ಷ ಹಣ ಬಂದಿತ್ತು ಎಂಬುದು ಅವರು ಕಂಡ ಉತ್ತರ. ಅದೇ ಶೇ 4ರ ನಿಯಮ ಎಂದು ಹೆಸರಾಯಿತು. ಅದು ಅಲ್ಲಿನ ಮಾರುಕಟ್ಟೆ, ಅಲ್ಲಿನ ಹಣದುಬ್ಬರದ ಲೆಕ್ಕ. ನಮ್ಮ ಬೆಲೆಯೇರಿಕೆಗೆ ಅದನ್ನು ಕಣ್ಣುಮುಚ್ಚಿ ಒಪ್ಪಿಸಲಾಗದು. ಗಂಟೆಲ್ಲ ಠೇವಣಿಯಲ್ಲೇ ಇರುವವರಿಗಂತೂ ಶೇ 4 ಕೂಡ ಹೆಚ್ಚಾದೀತು.

ಹಾಗಾಗಿ ಒಮ್ಮೆ ಲೆಕ್ಕ ಹಾಕಿ ಬಿಟ್ಟರೆ ಸಾಲದು. ಪ್ರತಿ ಏಪ್ರಿಲ್‌ನಲ್ಲಿ ಉಳಿದ ಮೊತ್ತವನ್ನು ಉಳಿದ ವರ್ಷಗಳಿಗೆ ತಕ್ಕ ಅಂಕಿಯಿಂದ ಭಾಗಿಸಿ ನೋಡಬೇಕು. ಶೇ 8 ಮತ್ತು ಶೇ 6ರ ನಮ್ಮ ಲೆಕ್ಕದಲ್ಲಿ 30 ವರ್ಷಕ್ಕೆ 23, 25 ವರ್ಷಕ್ಕೆ 20, 20 ವರ್ಷಕ್ಕೆ 17, 15 ವರ್ಷಕ್ಕೆ 13. ಬರುವ ಉತ್ತರಕ್ಕಿಂತ ನೀವು ತೆಗೆಯುತ್ತಿರುವುದು ಹೆಚ್ಚಿದ್ದರೆ, ಪಾಸ್‌ಬುಕ್ಕಿನಲ್ಲಿ ಎಷ್ಟೇ ದೊಡ್ಡ ಮೊತ್ತ ಕಾಣಲಿ, ನೀವು ಮುಂದಿನ ವರ್ಷಗಳ ಹಣವನ್ನು ಈಗಲೇ ಉಣ್ಣುತ್ತಿದ್ದೀರಿ. ಗಂಟು ಕುಸಿದ ವರ್ಷ ಶೇ 6ರ ಏರಿಕೆಯನ್ನು ಕೈಬಿಟ್ಟು ಹಿಂದಿನ ವರ್ಷದಷ್ಟೇ ತೆಗೆದರೂ ಬಹಳಷ್ಟು ಹಾನಿ ತಪ್ಪುತ್ತದೆ.

ಈ ಅಂಕಿಗಳನ್ನು ಹಿಡಿದು ದಾವಣಗೆರೆಯ ದಂಪತಿಯ ಲೆಕ್ಕವನ್ನು ಮತ್ತೆ ನೋಡಿ. 60ರಲ್ಲೇ ಎಚ್ಚೆತ್ತಿದ್ದರೆ ಖರ್ಚನ್ನು ಶೇ 28ರಷ್ಟು ಇಳಿಸಬೇಕಿತ್ತು. ಅದು ಕಷ್ಟ, ಆದರೆ ಆ ವಯಸ್ಸಿನಲ್ಲಿ ಕೊರತೆಯನ್ನು ಒಂದಿಷ್ಟು ದುಡಿಮೆಯಿಂದಲೋ, ಮನೆಯ ಮಹಡಿಯನ್ನು ಬಾಡಿಗೆಗೆ ಕೊಟ್ಟೋ ತುಂಬಿಕೊಳ್ಳಬಹುದು. 65ರಲ್ಲಿ ಎಚ್ಚೆತ್ತರೆ ಶೇ 35 ಇಳಿಸಬೇಕು. 70ರಲ್ಲಿ, ಇನ್ನೂ 96 ಲಕ್ಷ ಕಾಣುತ್ತಿರುವಾಗಲೇ, ಹತ್ತಿರಹತ್ತಿರ ಅರ್ಧದಷ್ಟು. 75ರಲ್ಲಿ ಶೇ 65. ಆಸ್ಪತ್ರೆಯ ಖರ್ಚು ಹೆಚ್ಚುವ ವಯಸ್ಸಿನಲ್ಲಿ ಮೂರರಲ್ಲಿ ಒಂದು ಪಾಲಿನಲ್ಲಿ ಬದುಕಿ ಎಂದು ಯಾರಿಗೂ ಹೇಳಲಾಗದು. ನಿವೃತ್ತಿಯ ಹಣ ಕೈಗೆ ಬಂದ ವಾರವೇ, ಮೊದಲ ಕಂತು ತೆಗೆಯುವ ಮುನ್ನ, ಈ ಭಾಗಾಕಾರ ಮಾಡಿ ನೋಡಿ.