ಮೂಲ ಫೈಲ್ ಕೇಳಿದಾಗ ಎಷ್ಟು ದುಡ್ಡು ಹೇಳಬೇಕು?

ಚಟ್ನಿಪುಡಿ ಪ್ಯಾಕೆಟ್ಟಿನ ಲೇಬಲ್ ಡಿಸೈನ್. 40,000 ರೂಪಾಯಿಗೆ ಮುಗಿಸಿ, ಪ್ರಿಂಟಿಗೆ ಪಿಡಿಎಫ್ ಕೊಟ್ಟಾಯ್ತು. ಎರಡು ತಿಂಗಳಾದ ಮೇಲೆ ಗ್ರಾಹಕರ ಮೆಸೇಜು: "ಇಲ್ಲಸ್ಟ್ರೇಟರ್ ಫೈಲ್ ಕಳಿಸಿಬಿಡಿ, ಹೇಗೂ ನಿಮ್ಮ ಹತ್ರ ಇದೆಯಲ್ಲ."

ದರ ಹೇಳೋಕೆ ಮುಂಚೆ ಒಂದು ಪ್ರಶ್ನೆ ಕೇಳಿ: "ಯಾತಕ್ಕೆ ಬೇಕು ಸರ್?" ಬೇರೆ ಅಳತೆಯ ಪ್ಯಾಕೆಟ್ಟಿಗೆ ಅಂದ್ರೆ ಮೂಲ ಫೈಲೇ ಬೇಕಿಲ್ಲ. ಆ ಅಳತೆಗೆ ಹೊಸ ಪಿಡಿಎಫ್ ಮಾಡಿ, ಅಷ್ಟಕ್ಕೆ ಮಾತ್ರ ಬಿಲ್ ಹಾಕಿ.

"ಇನ್ನೂ ಐದು ರುಚಿಯ ಲೇಬಲ್ ನಾವೇ ಮಾಡ್ಕೋತೀವಿ" ಅಂದ್ರೆ? ಆಗ ದರದಲ್ಲಿ ಎರಡು ಭಾಗ ಇರಬೇಕು.

ಒಂದು, ಸಿದ್ಧಪಡಿಸೋ ಕೆಲಸ. ಲೇಯರ್‌ಗಳಿಗೆ ಹೆಸರಿಡಬೇಕು, ಕಳಚಿಹೋದ ಚಿತ್ರಗಳನ್ನ ಮತ್ತೆ ಜೋಡಿಸಬೇಕು, `File > Package` ಮಾಡಿ, ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ನಾಲ್ಕು ಗಂಟೆ, ಗಂಟೆಗೆ 1,000. ಅಲ್ಲಿಗೆ 4,000.

ಎರಡನೆಯದು, ತಿದ್ದಿ ಬಳಸೋ ಹಕ್ಕು. ಜನ ಬಿಟ್ಟುಬಿಡೋದು ಇದನ್ನೇ. ಆ ಐದು ಲೇಬಲ್ ನೀವೇ ಮಾಡಿದ್ರೆ ತಲಾ 6,000, ಒಟ್ಟು 30,000 ಬರ್ತಿತ್ತು. ದುಡಿಮೆ ಅವರದು, ಅಡಿಪಾಯ ನಿಮ್ಮದು. ಅದಕ್ಕೆ ಅರ್ಧ ಕೇಳೋದು ನ್ಯಾಯ ಅಂತ ನನ್ನ ಲೆಕ್ಕ: 15,000. ಒಟ್ಟು 19,000.

ಫಾಂಟ್ ಮತ್ತು ಸ್ಟಾಕ್ ಫೋಟೋ ವಿಷಯದಲ್ಲಿ ಹುಷಾರು. ಅವುಗಳ ಲೈಸೆನ್ಸ್ ಸಾಮಾನ್ಯವಾಗಿ ನಿಮ್ಮ ಹೆಸರಲ್ಲಿರುತ್ತೆ, ಹಾಗೇ ದಾಟಿಸೋ ಹಾಗಿಲ್ಲ. ಹೆಸರು ಪಟ್ಟಿ ಮಾಡಿ ಕೊಡಿ, ಅವರೇ ಕೊಂಡುಕೊಳ್ಳಲಿ.

ಹಳೇ ಒಪ್ಪಂದದಲ್ಲಿ ಮೂಲ ಫೈಲ್ ಸೇರಿದೆಯಾ, ಮೊದಲೇ ನೋಡಿ. ಸೇರಿದ್ರೆ ಈ ಲೆಕ್ಕ ನಡೆಯಲ್ಲ, ಕೊಡಲೇಬೇಕು. ಇಲ್ಲದಿದ್ರೆ ಯಾವ ಬಳಕೆಗೆ ಅನುಮತಿ ಅಂತ ಬರೆದು, ಸಹಿ ಮಾಡಿ, ಹಣ ಬಂದ ಮೇಲೆ ಲಿಂಕ್ ಕಳಿಸಿ.