ಪಹಣಿ ಇಂಗ್ಲಿಷಿಗೆ ಹೋಗುವಾಗ

ಊರಿನ ಜಮೀನಿನ ಪಹಣಿಯನ್ನು ಮೊಬೈಲಿನಲ್ಲಿ ಫೋಟೊ ಹಿಡಿದು, ಕನ್ನಡ ಓದಲು ಬಾರದ ಅಮೆರಿಕದ ಅಣ್ಣನ ಮಗಳಿಗೆ ಇಂಗ್ಲಿಷಿನಲ್ಲಿ ಬರೆದು ಕಳಿಸಬೇಕಾದಾಗ ಹೆಚ್ಚು ತಪ್ಪಾಗುವುದು ಮೂರನೇ ಕಾಲಂನಲ್ಲಿ, ಅಂದರೆ ವಿಸ್ತೀರ್ಣದಲ್ಲಿ.

ಅಲ್ಲಿ ಒಟ್ಟು 4.05 ಎಂದಿದೆ ಅಂದುಕೊಳ್ಳಿ. ಅದರ ಕೆಳಗೆ 'ಅ' ಖರಾಬು 0.08, 'ಬ' ಖರಾಬು 0.12, ಉಳಿದದ್ದು 3.25. ಊರಿನವರಿಗೆ ಇದು ಮೂರು ಎಕರೆ ಇಪ್ಪತ್ತೈದು ಗುಂಟೆ. ಆದರೆ ಹೊರದೇಶದಲ್ಲಿ ಓದುವವರು ಚುಕ್ಕಿಯನ್ನು ದಶಮಾಂಶವೆಂದೇ ತಿಳಿದು, ಮೂರೂಕಾಲು ಎಕರೆ ಎನ್ನುತ್ತಾರೆ. ಎಕರೆಗೆ 40 ಗುಂಟೆಯಾದ್ದರಿಂದ ಮೂರೂಕಾಲು ಎಂದರೆ 3 ಎಕರೆ 10 ಗುಂಟೆ ಮಾತ್ರ. ಓದುವುದರಲ್ಲೇ 15 ಗುಂಟೆ ಹೋಯಿತು. ಗುಂಟೆಗೆ 1,089 ಚದರಡಿಯಂತೆ ಅದು 16,335 ಚದರಡಿ. ಪೇಟೆಯ ಪಕ್ಕದ ಜಮೀನಾದರೆ ಹಲವು ಸೈಟುಗಳಷ್ಟು. ಹಾಗಾಗಿ ಎಕರೆ, ಗುಂಟೆಗಳನ್ನು ಬಿಡಿಸಿ ಬರೆದು, ಜೊತೆಗೆ 3.625 ಎಕರೆ ಎಂದೂ ಕಾಣಿಸಬೇಕು.

ಫೋಟೊ ಮಸುಕಾಗಿದ್ದರೆ, ಅಥವಾ ಹಳೆಯ ಕೈಬರಹದಲ್ಲಿ ೩ ಯಾವುದು ೬ ಯಾವುದು ಎಂದು ತಿಳಿಯದಿದ್ದರೆ, ಇದೇ ಕಾಲಂ ಕೂಡಿ ನೋಡಿ. 25 ಗುಂಟೆಗೆ 8, 12 ಸೇರಿಸಿದರೆ 45 ಗುಂಟೆ, ಅಂದರೆ ಒಂದು ಎಕರೆ ಐದು ಗುಂಟೆ. ಮೂರರ ಜೊತೆ ಸೇರಿ 4.05 ತಾಳೆಯಾಗುತ್ತದೆ. ಆಗದಿದ್ದರೆ ಯಾವುದೋ ಅಂಕಿಯನ್ನು ತಪ್ಪಾಗಿ ಓದಿದ್ದೀರಿ.

ಖರಾಬನ್ನು ಇಂಗ್ಲಿಷಿನಲ್ಲಿ ಬರಿದೆ ಪಾಳುಭೂಮಿ ಎಂದು ಬರೆಯುವುದು ಅಪಾಯ. 'ಅ' ಖರಾಬು ಬಂಡೆ, ಕಣದಂಥ ಸಾಗುವಳಿಗೆ ಬಾರದ ಜಾಗ. 'ಬ' ಖರಾಬು ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು, ಅದನ್ನು ಮಾರುವಂತಿಲ್ಲ. ಇಂಥ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಗೇ ಉಳಿಸಿ, ಮೊದಲ ಸಲ ಬಂದಲ್ಲಿ ಒಂದು ವಾಕ್ಯದ ವಿವರಣೆ ಕೊಡುವುದೇ ನನಗೆ ಸರಿ ಕಾಣುತ್ತದೆ. ನಾಳೆ ಆಕೆ ವಕೀಲರ ಜೊತೆ ಮಾತಾಡುವಾಗ ಬೇಕಾಗುವುದೂ ಆ ಮೂಲಪದವೇ.

ಒಂಬತ್ತನೇ ಕಾಲಂನ ಹೆಸರುಗಳಲ್ಲಿ 'ಬಿನ್' ಎಂದರೆ ಇಂಥವರ ಮಗ, 'ಕೋಂ' ಎಂದರೆ ಇಂಥವರ ಹೆಂಡತಿ. ಇವು ಹೆಸರಿನ ಭಾಗವಲ್ಲ.

ಹತ್ತನೇ ಕಾಲಂನ 'ಪೌತಿ' ಮನೆಮನೆಯಲ್ಲಿ ಮನಸ್ತಾಪ ತರುವ ಪದ. ಖಾತೆದಾರರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಖಾತೆ ಬದಲಾಗಿದೆ ಎಂದಷ್ಟೇ ಅದರ ಅರ್ಥ, ಆಸ್ತಿ ವಿಭಾಗವಾಯಿತೆಂದಲ್ಲ. ಅಜ್ಜ ಹೋದಮೇಲೆ ಊರಿನಲ್ಲಿರುವ ಚಿಕ್ಕಪ್ಪನ ಹೆಸರೊಂದೇ ಪೌತಿಯಲ್ಲಿ ಬಂದಿದ್ದರೆ, 'ಚಿಕ್ಕಪ್ಪನಿಗೆ ಆಸ್ತಿ ಬಂತು' ಎಂಬ ಅನುವಾದ ಓದಿದ ಆಕೆ ತನ್ನಪ್ಪನ ಪಾಲು ಹೋಯಿತೆಂದು ನೊಂದುಕೊಳ್ಳುತ್ತಾಳೆ. ಕಂದಾಯ ದಾಖಲೆಯಲ್ಲಿ ಹೆಸರು ಬಾರದ ಮಾತ್ರಕ್ಕೆ ವಾರಸಿನ ಹಕ್ಕು ಅಳಿಯುವುದಿಲ್ಲ. ಅಲ್ಲೇ ಇರುವ ಎಂ.ಆರ್. ಸಂಖ್ಯೆಯನ್ನೂ ವರ್ಷವನ್ನೂ ಬಿಡದೆ ಬರೆದು ಕಳಿಸಿ. ಯಾವ ಆಧಾರದ ಮೇಲೆ ಹೆಸರು ಬದಲಾಯಿತೆಂದು ತಿಳಿಯಲು ಆ ಮ್ಯುಟೇಶನ್ ಪ್ರತಿಯನ್ನೇ ತರಿಸಿ ನೋಡಬೇಕು.