ಟೇಬಲ್ ಓದೋ ಮುಂಚೆ ಸೊನ್ನೆಯ ಸಾಲು ನೋಡಿ

ಒಬ್ಬರು ಮಗಳ ಹೋಮ್‌ವರ್ಕಿನ ಫೋಟೋ ಕಳಿಸಿದ್ದಾರೆ. ಕಾರ್ಖಾನೆಯೊಂದರ ಬಲ್ಬುಗಳಲ್ಲಿ 10% ಕೆಟ್ಟಿರುತ್ತವೆ. 100 ಬಲ್ಬು ಪರೀಕ್ಷಿಸಿದರೆ 15 ಅಥವಾ ಅದಕ್ಕಿಂತ ಹೆಚ್ಚು ಕೆಟ್ಟಿರುವ ಸಂಭವನೀಯತೆ ಎಷ್ಟು? ಅವರಿಗೆ ಬಂದ ಉತ್ತರ 0.5668.

ಸರಾಸರಿಯೇ 10 ಇರುವಾಗ, ಅರ್ಧಕ್ಕಿಂತ ಹೆಚ್ಚು ಸಲ 15 ಮುಟ್ಟೋಕೆ ಸಾಧ್ಯವಿಲ್ಲ. ಹಾಗಾದ್ರೆ ತಪ್ಪಿದ್ದೆಲ್ಲಿ?

ಸ್ಟ್ಯಾಂಡರ್ಡ್ ಡೀವಿಯೇಷನ್ √(100 × 0.1 × 0.9) = 3. ಬಲ್ಬುಗಳನ್ನು ಇಡಿಯಾಗಿ ಎಣಿಸ್ತೀವಿ, ನಾರ್ಮಲ್ ಕರ್ವ್ ಮಾತ್ರ ಎಲ್ಲೂ ತುಂಡಾಗದ ಗೆರೆ. ಹಾಗಾಗಿ 15ರ ಪಾಲು 14.5ರಿಂದಲೇ ಶುರು. z = (14.5 − 10)/3 = 1.5. ಇಲ್ಲಿವರೆಗೂ ಅವರದ್ದು ಸರಿ.

ಅವರ ಟೇಬಲ್‌ನಲ್ಲಿ 1.5ರ ಎದುರು ಇದ್ದದ್ದು 0.4332. ಅದನ್ನು 1ರಿಂದ ಕಳೆದುಬಿಟ್ಟರು. ಆದರೆ ಅದು ನಡುಗೆರೆಯಿಂದ z ವರೆಗಿನ ಭಾಗ ಮಾತ್ರ. ಕಳೆಯಬೇಕಿದ್ದದ್ದು 0.5ರಿಂದ, ಉತ್ತರ 0.0668. ಟೇಬಲ್ ಯಾವ ಬಗೆಯದು ಅಂತ z = 0 ಎದುರು ನೋಡಿದರೆ ಗೊತ್ತಾಗುತ್ತೆ. 0.0000 ಇದ್ದರೆ ಈ ಬಗೆಯದು. 0.5000 ಇದ್ದರೆ ಎಡಗಡೆಯ ಪೂರ್ತಿ ಭಾಗ ಕೊಡುತ್ತೆ, ಅದರಲ್ಲಿ 1.5ಕ್ಕೆ 0.9332 ಸಿಗುತ್ತೆ, ಆಗ 1ರಿಂದ ಕಳೆಯಿರಿ.

ಬೈನಾಮಿಯಲ್‌ನಿಂದಲೇ ಲೆಕ್ಕ ಹಾಕಿದರೆ 0.0726. ಅಂದಾಜು ಹತ್ತಿರವೇ ಇದೆ. 14.5ರ ಬದಲು 15 ಹಾಕಿದ್ದರೆ 0.0475 ಬರ್ತಿತ್ತು. 5%ಗಿಂತ ಕಡಿಮೆಯಾದರೆ ಯಂತ್ರ ನಿಲ್ಲಿಸೋ ನಿಯಮವಿದ್ದ ಕಡೆ, ಆ ಅರ್ಧ ಬಲ್ಬು ಮರೆತಿದ್ದಕ್ಕೇ ಸುಮ್ಮನೆ ಕೆಲಸ ನಿಲ್ತಿತ್ತು.